ರಕ್ತದ ಪಿಎಚ್ ಲೆಕ್ಕ: ಎಲ್ಲ ಇರೋದು ಆ ಇಪ್ಪತ್ತರಲ್ಲಿ

ಐಸಿಯುನಲ್ಲಿ ತೆಗೆಯುವ ಎಬಿಜಿ, ಅಂದರೆ ಅಪಧಮನಿ ರಕ್ತದ ಅನಿಲ ಪರೀಕ್ಷೆಯ ರಿಪೋರ್ಟ್‌ನಲ್ಲಿ ಬೈಕಾರ್ಬನೇಟ್ ಅಂತ ಒಂದು ಸಂಖ್ಯೆ ಇರುತ್ತದಲ್ವಾ, ಅದನ್ನು ಯಂತ್ರ ಅಳೆದಿರುವುದಿಲ್ಲ. ಅದು ಅಳೆಯುವುದು ಪಿಎಚ್ ಮತ್ತು ಇಂಗಾಲದ ಡೈಆಕ್ಸೈಡಿನ ಒತ್ತಡ. ಬೈಕಾರ್ಬನೇಟನ್ನು ಈ ಸೂತ್ರದಿಂದ ಲೆಕ್ಕ ಹಾಕುತ್ತದೆ:

```
pH = 6.1 + log10( HCO3 / (0.03 × pCO2) )
```

HCO3 ಅಂದರೆ ಬೈಕಾರ್ಬನೇಟ್, ಲೀಟರಿಗೆ ಮಿಲಿಮೋಲ್‌ಗಳಲ್ಲಿ. pCO2 ಇಂಗಾಲದ ಡೈಆಕ್ಸೈಡಿನ ಒತ್ತಡ, ಪಾದರಸದ ಮಿಲಿಮೀಟರ್‌ಗಳಲ್ಲಿ. 0.03ರಿಂದ ಗುಣಿಸಿದರೆ ರಕ್ತದಲ್ಲಿ ಎಷ್ಟು ಅನಿಲ ಕರಗಿದೆ ಅಂತ ಸಿಗುತ್ತದೆ.

ಮೊದಲು ಆರೋಗ್ಯವಂತರ ಲೆಕ್ಕ. ಒತ್ತಡ 40, ಅದನ್ನು 0.03ರಿಂದ ಗುಣಿಸಿದರೆ 1.2. ಬೈಕಾರ್ಬನೇಟ್ 24, ಭಾಗಿಸಿದರೆ 20. ಇಪ್ಪತ್ತರ ಲಾಗ್ 1.3, ಕೂಡಿದರೆ 7.4. ಇಲ್ಲಿ 0.03 ಮರೆಯುವುದು ಮಾಮೂಲಿ ತಪ್ಪು. ಹಾಗೆ ಮಾಡಿದರೆ 5.88 ಬರುತ್ತದೆ, ಅಷ್ಟು ಪಿಎಚ್ ಇರುವ ರಕ್ತದಲ್ಲಿ ಯಾರೂ ಬದುಕಿರಲ್ಲ, ಹಾಗಾಗಿ ತಪ್ಪು ತಕ್ಷಣ ಗೊತ್ತಾಗುತ್ತದೆ.

ಈಗ ಇನ್ಸುಲಿನ್ ತಪ್ಪಿಸಿಕೊಂಡ ಸಕ್ಕರೆ ಕಾಯಿಲೆಯವರೊಬ್ಬರನ್ನು ಊಹಿಸಿಕೊಳ್ಳಿ. ರಕ್ತದಲ್ಲಿ ಕೀಟೋ ಆಮ್ಲಗಳು ತುಂಬಿವೆ, ಅವನ್ನು ತಣಿಸುತ್ತಾ ಬೈಕಾರ್ಬನೇಟ್ 10ಕ್ಕೆ ಇಳಿದಿದೆ. ಒತ್ತಡ 40ರಲ್ಲೇ ಇದ್ದಿದ್ದರೆ 10 ಭಾಗಿಸು 1.2, ಅಂದರೆ 8.33. ಅದರ ಲಾಗ್ 0.92, ಪಿಎಚ್ 7.02. ಇದು ಜೀವಕ್ಕೇ ಅಪಾಯ. ಆದರೆ ಅವರು ಜೋರಾಗಿ, ಆಳವಾಗಿ ಉಸಿರಾಡುತ್ತಿದ್ದಾರೆ, ಒತ್ತಡ 25ಕ್ಕೆ ಬಂದಿದೆ. 25 ಗುಣಿಸು 0.03 ಅಂದರೆ 0.75. ಹತ್ತನ್ನು ಅದರಿಂದ ಭಾಗಿಸಿದರೆ 13.3, ಲಾಗ್ 1.12, ಪಿಎಚ್ 7.22. ಆ ಏದುಸಿರು ಗಳಿಸಿಕೊಟ್ಟದ್ದು 0.2. ಲಾಗ್ ಲೆಕ್ಕದಲ್ಲಿ ಇದು ಸಣ್ಣದಲ್ಲ, ಆಮ್ಲೀಯತೆ ಹೆಚ್ಚುಕಡಿಮೆ ಮೂರನೇ ಎರಡು ಭಾಗಕ್ಕೆ ಇಳಿದ ಹಾಗೆ.

ಬೈಕಾರ್ಬನೇಟ್ ಮತ್ತು ಕರಗಿದ ಅನಿಲದ ಈ ಜೋಡಿಯೇ ಪಿಎಚ್ ಏರಿಳಿತವನ್ನು ತಡೆಯುವ ಬಫರ್. ಸುಮ್ನೆ ಪುಸ್ತಕದ ನಿಯಮ ನೋಡಿದರೆ ಈ ಬಫರ್ ಕೆಲಸಕ್ಕೇ ಬಾರದ್ದು ಅನಿಸುತ್ತದೆ. ಬಫರ್ ಚೆನ್ನಾಗಿ ಕೆಲಸ ಮಾಡುವುದು 6.1ರ ಆಸುಪಾಸಿನಲ್ಲಿ, ರಕ್ತ ಇರುವುದು 7.4ರಲ್ಲಿ. ಮುಚ್ಚಿದ ಬಾಟಲಿಯಲ್ಲಾದರೆ ಅದು ನಿಜ. ದೇಹದಲ್ಲಿ ಮಾತ್ರ ಹುಟ್ಟಿದ ಅನಿಲವನ್ನು ಶ್ವಾಸಕೋಶ ಹೊರಗೆ ಹಾಕುತ್ತಲೇ ಇರುತ್ತದೆ, ಮೂತ್ರಪಿಂಡ ಹೊಸ ಬೈಕಾರ್ಬನೇಟ್ ತಯಾರಿಸುತ್ತದೆ.

ಆದರೆ ಅನಿಲವೇ ಜಾಸ್ತಿಯಾದರೆ ಈ ಬಫರ್ ಸೋಲುತ್ತದೆ, ತನ್ನದೇ ಆಮ್ಲವನ್ನು ತಾನು ತಣಿಸಲಾರದು. ಆಗ ಹೊರೆ ಹೊರುವುದು ಮುಖ್ಯವಾಗಿ ಹಿಮೋಗ್ಲೋಬಿನ್. ಉಸಿರು ಕಟ್ಟಿ ಒತ್ತಡ 60 ಆದ ರೋಗಿಯನ್ನು ನೋಡಿ, ಬೈಕಾರ್ಬನೇಟ್ ಇನ್ನೂ 24. 24 ಭಾಗಿಸು 1.8, ಮತ್ತೆ 13.3, ಪಿಎಚ್ ಮತ್ತೆ 7.22! ಕಾಯಿಲೆ ಬೇರೆ, ಪಿಎಚ್ ಒಂದೇ. ಅದಕ್ಕೇ ಪಿಎಚ್ ಒಂದನ್ನೇ ನೋಡಿ ಕಾಯಿಲೆ ಹೇಳಬಾರದು. ಕೆಲವು ದಿನ ಕಳೆದ ಮೇಲೆ ಮೂತ್ರಪಿಂಡ ಬೈಕಾರ್ಬನೇಟನ್ನು 32ಕ್ಕೆ ಏರಿಸಿತು ಅಂದುಕೊಳ್ಳಿ: ಅನುಪಾತ 17.8, ಲಾಗ್ 1.25, ಪಿಎಚ್ 7.35.

ಈಗ ನೀವು ಮಾಡಿ. ಪಿಎಚ್ 7.5, ಒತ್ತಡ 20, ಬೈಕಾರ್ಬನೇಟ್ ಎಷ್ಟು? 7.5ರಲ್ಲಿ 6.1 ಕಳೆದರೆ 1.4, ಹತ್ತರ 1.4ನೇ ಘಾತ 25. ಅದನ್ನು 0.6ರಿಂದ ಗುಣಿಸಿದರೆ 15 ಬರಬೇಕು.