"ಸುಮ್ನಿರಿ ಸರ್" ಅಂದಿದ್ದು ಯಾರಿಗೆ?

ನಮ್ಮ ಲೇಔಟ್‌ನ ಗಣೇಶನ ಹಬ್ಬದ ಲೆಕ್ಕ ಮೂರು ವರ್ಷದಿಂದ ನನ್ನ ಕೈಯಲ್ಲಿದೆ. ಚಂದಾ ಎತ್ತೋದು, ಬಿಲ್ ಕೊಡೋದು, ವಾಟ್ಸಾಪ್ ಗ್ರೂಪಿಗೆ ಹಾಕೋದು, ಎಲ್ಲಾ ನಾನೇ. ಗ್ರೂಪಿನಲ್ಲಿ ಎಂಬತ್ತು ಚಿಲ್ಲರೆ ಜನ ಇದ್ದಾರೆ. ಮೂರು ವರ್ಷದಲ್ಲಿ ಒಂದು ದಿನವೂ ಜಗಳ ಆಗಿರಲಿಲ್ಲ. ಹೋದ ಹಬ್ಬ ಮುಗಿದ ಮಾರನೇ ರಾತ್ರಿ ಆಯ್ತು, ಅದೂ ನಾನು ಒಳ್ಳೆ ಮಾತು ಅಂತ ಹೇಳಿದ್ದಕ್ಕೆ.

ನಡೆದದ್ದು ಇಷ್ಟು. ಮೂಲೆ ಮನೆ ಮೇಷ್ಟ್ರು ಹೂವಿಗೆ ಅಂತ ಕೈಯಿಂದ 800 ರೂಪಾಯಿ ಕೊಟ್ಟಿದ್ದರು. ರಾತ್ರಿ ಒಂಬತ್ತು ಗಂಟೆ ಹೊತ್ತಿಗೆ ಗ್ರೂಪಿನಲ್ಲಿ "ಆ ಹೂವಿನ ದುಡ್ಡು ನನಗೆ ವಾಪಸ್ ಬೇಡಮ್ಮ, ಹೋಗ್ಲಿ ಬಿಡಿ" ಅಂತ ಹಾಕಿದರು. ಒಲೆ ಮೇಲೆ ಕುಕ್ಕರ್ ಇತ್ತು, ಒಂದು ಕೈಯಲ್ಲೇ ಟೈಪ್ ಮಾಡಿದೆ: "ಸುಮ್ನಿರಿ ಸರ್, ಲೆಕ್ಕ ಎಲ್ಲಾ ನನ್ನ ಹತ್ರ ಇದೆ." ಕಳಿಸಿ ಫೋನ್ ಕಪಾಟಿನ ಮೇಲಿಟ್ಟೆ. ನಮ್ಮ ಮಂಡ್ಯ ಕಡೆ ಯಾರಾದರೂ ದೊಡ್ಡವರು ಸುಮ್ನೆ ದುಡ್ಡು ಕೊಡೋಕೆ ಬಂದರೆ ಹೀಗೇ ಅನ್ನೋದು. "ಅಯ್ಯೋ ಸುಮ್ನಿರೀ" ಅಂದರೆ "ನೀವ್ಯಾಕೆ ಕಷ್ಟಪಡ್ತೀರಿ, ಬೇಡ" ಅಂತ ಅರ್ಥ.

ಆದರೆ ನಾನು ಟೈಪ್ ಮಾಡುತ್ತಿದ್ದ ಆ ಅರ್ಧ ನಿಮಿಷದಲ್ಲಿ ಮಧ್ಯೆ ಇನ್ನೊಂದು ಮೆಸೇಜ್ ಬಂದು ಕೂತಿತ್ತು. ಮೂರನೇ ಕ್ರಾಸ್‌ನ ಅಂಕಲ್, ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಕೇಳಿದ್ದರು: "ಈ ಸಲ ಶಾಮಿಯಾನಕ್ಕೆ 14,000 ಆಯ್ತಾ? ಹೋದ ವರ್ಷ 9,000 ಇತ್ತಲ್ಲ?" ಅದರ ಸರಿಯಾಗಿ ಕೆಳಗೆ, ನನ್ನ ಹೆಸರಲ್ಲಿ, "ಸುಮ್ನಿರಿ ಸರ್, ಲೆಕ್ಕ ಎಲ್ಲಾ ನನ್ನ ಹತ್ರ ಇದೆ."

ಈಗ ಓದಿ ನೋಡಿ. ಲೆಕ್ಕ ಕೇಳಿದ ಎಪ್ಪತ್ತು ದಾಟಿದ ಹಿರಿಯರಿಗೆ ಎಂಬತ್ತು ಜನರ ಮುಂದೆ ಬಾಯಿ ಮುಚ್ಚಿ ಅಂದ ಹಾಗೆ ಇದೆ, ಅಲ್ವಾ?

ನನಗೆ ಗೊತ್ತಾಗಿದ್ದು ಒಂದೂಮುಕ್ಕಾಲು ಗಂಟೆ ಆದ ಮೇಲೆ. ಎದುರು ಮನೆಯವರು ಫೋನ್ ಮಾಡಿ "ಏನ್ರೀ, ಅವ್ರಿಗೆ ಹಂಗಂದ್ಬಿಟ್ರಿ?" ಅಂದರು. ನಾನು "ಏನಂದೆ?" ಅಂದೆ, ನಿಜವಾಗಿ ಗೊತ್ತಿರಲಿಲ್ಲ. ಗ್ರೂಪ್ ತೆಗೆದರೆ ನನ್ನ ಮೆಸೇಜ್ ಆದಮೇಲೆ ಒಬ್ಬರೂ ಮಾತಾಡಿಲ್ಲ. ಹಬ್ಬದ ಮಾರನೇ ದಿನ, ಫೋಟೋ ಮೇಲೆ ಫೋಟೋ ಬೀಳುವ ಗ್ರೂಪು, ಸದ್ದೇ ಇಲ್ಲ. ಮೆಸೇಜ್ ಒತ್ತಿ ಹಿಡಿದು ಇನ್ಫೋ ನೋಡಿದೆ. ನಲವತ್ತಕ್ಕೂ ಜಾಸ್ತಿ ಜನ ಓದಿದ್ದರು. ಅಷ್ಟು ಜನ ಓದಿ ಒಬ್ಬರೂ ಏನೂ ಅನ್ನದೆ ಇದ್ದರೆ, ಗ್ರೂಪಿನ ಹೊರಗೆ ಮಾತು ನಡೀತಾ ಇದೆ ಅಂತಲೇ ಅರ್ಥ. ಒಂದು ಮನೆಯವರು ಗ್ರೂಪಿಂದ ಹೊರಗೂ ಹೋಗಿದ್ದರು. ನಾನು ಅಡ್ಮಿನ್ ಆದ್ದರಿಂದ ಅದು ಕಾಣಿಸಿತು.

ಮೊದಲು ಕೈ ಹೋಗಿದ್ದು ಡಿಲೀಟ್ ಮೇಲೆ. ಒತ್ತಲಿಲ್ಲ, ಪುಣ್ಯ. ಎಲ್ಲರಿಗೂ ಡಿಲೀಟ್ ಮಾಡಿದರೆ ಮೆಸೇಜ್ ಹೋಗುತ್ತದೆ, ಆದರೆ ಡಿಲೀಟ್ ಮಾಡಿದ್ದಾರೆ ಅನ್ನೋ ಗುರುತು ಅಲ್ಲೇ ಉಳಿಯುತ್ತದೆ. ಓದಿದವರಿಗೆ ನೆನಪಿರುತ್ತದೆ, ಓದದವರು "ಏನಂದಿದ್ಲು?" ಅಂತ ಕೇಳುತ್ತಾರೆ, ಯಾರೋ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ನಿಜವಾದ ತಪ್ಪು ಮಾಡಿ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಎಡಿಟ್ ಮಾಡೋಣ ಅಂದರೆ ಅದಕ್ಕೆ ವಾಟ್ಸಾಪ್ ಕೊಡುವ ಸಮಯ 15 ನಿಮಿಷ, ಅದು ಯಾವಾಗಲೋ ಮುಗಿದಿತ್ತು.

ಡಿಲೀಟ್ ಮಾಡದೆ ಜಾಣತನ ತೋರಿಸಿದೆ, ಆದರೆ ಅದರ ಬದಲು ಇನ್ನೂ ದೊಡ್ಡ ತಪ್ಪು ಮಾಡಿದೆ. ಆ ಸಿಟ್ಟಲ್ಲಿ, ರಾತ್ರಿ ಹನ್ನೊಂದಕ್ಕೆ, ಉದ್ದಕ್ಕೆ ಬರೆದೆ: "ಎಲ್ಲರೂ ತಪ್ಪು ತಿಳ್ಕೊಂಡಿದ್ದೀರಿ, ನಾನು ಹೇಳಿದ್ದು ಮೇಷ್ಟ್ರಿಗೆ, ಮೂರು ವರ್ಷದಿಂದ ಲೆಕ್ಕ ನೋಡ್ತಾ ಇದ್ದೀನಿ, ಯಾರಿಗೂ ಅಗೌರವ ಮಾಡೋಳಲ್ಲ ನಾನು." ಕೊನೆಗೆ ಕೈ ಮುಗಿದ ಚಿತ್ರ, ನಗುವ ಮುಖ. ಎಲ್ಲಾ ನಿಜವೇ. ಆದರೆ ಅದರಲ್ಲಿ "ತಪ್ಪು" ಅನ್ನೋ ಪದ ಓದಿದವರ ತಲೆ ಮೇಲೆ ಬಿದ್ದಿತ್ತು. ಕೇಳಿದ ಶಾಮಿಯಾನದ ಪ್ರಶ್ನೆಗೆ ಉತ್ತರವೂ ಇರಲಿಲ್ಲ. ಎರಡು ನಿಮಿಷಕ್ಕೆ ಅಂಕಲ್ ಉತ್ತರ ಬಂತು: "ಆಯ್ತಮ್ಮ. ಸುಮ್ಮನಿರ್ತೀವಿ."

ಆ ಒಂದು ಸಾಲಿಗೆ ಹದಿನೇಳು ಜನ ಹೆಬ್ಬೆರಳು ಹಾಕಿದರು. ಎಣಿಸಿದೆ.

ನನ್ನ ಪರವಾಗಿಯೂ ಇಬ್ಬರು ಬಂದರು. "ಪಾಪ ಅವ್ರು ಕಷ್ಟಪಟ್ಟು ಮಾಡ್ತಾರೆ, ಲೆಕ್ಕ ಕೇಳೋರು ಬಂದು ಕೆಲಸ ಮಾಡಲಿ" ಅಂತ ಒಬ್ಬರು. ಇದು ನನಗೆ ಹಿತ ಅನ್ನಿಸಿದ್ದು ನಿಜ, ಆದರೆ ಆ ಮಾತಿಂದ ಎರಡು ಗುಂಪು ಹುಟ್ಟೋದು ಗ್ಯಾರಂಟಿ ಇತ್ತು. ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ "ದಯವಿಟ್ಟು ಏನೂ ಹಾಕಬೇಡಿ, ನಾಳೆ ನಾನೇ ಮಾತಾಡ್ತೀನಿ" ಅಂದೆ. ಮೇಷ್ಟ್ರಿಗೂ ಹೇಳಿದೆ. ಅವರು ಪಾಪ ಆಗಲೇ ಏನೋ ಬರೆಯೋಕೆ ಶುರು ಮಾಡಿದ್ದರು.

ಮಲಗಿಕೊಂಡು ಯೋಚನೆ ಮಾಡಿದೆ. ಅಂಕಲ್‌ಗೆ ಬೇಜಾರಾಗಿದ್ದು ಎರಡು ವಿಷಯಕ್ಕೆ. ಒಂದು, ಎಲ್ಲರ ಮುಂದೆ ಗದರಿಸಿದ ಹಾಗೆ ಆಗಿದ್ದು. ಇನ್ನೊಂದು, 5,000 ಯಾಕೆ ಜಾಸ್ತಿ ಆಯ್ತು ಅಂತ ಈವರೆಗೂ ಯಾರೂ ಹೇಳದೆ ಇರೋದು. ನಾನು ಮೊದಲನೆಯದನ್ನು ಮಾತ್ರ ಹಿಡಿದುಕೊಂಡು ಒದ್ದಾಡುತ್ತಿದ್ದೆ. ಎರಡನೆಯದು ಬಗೆಹರಿಯದೆ ಮೊದಲನೆಯದು ಬಗೆಹರಿಯೋದಿಲ್ಲ. ಲೆಕ್ಕ ಹೇಳದೆ "ನಾನು ಹಂಗನ್ಲಿಲ್ಲ" ಅಂತ ಎಷ್ಟು ಹೇಳಿದರೂ ಮಾತು ತಪ್ಪಿಸಿಕೊಳ್ಳುತ್ತಿದ್ದೀನಿ ಅಂತಲೇ ಅನ್ನಿಸುತ್ತದೆ.

ಬೆಳಿಗ್ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಹತ್ತು ಗಂಟೆಗೆ ಬಿಲ್ ಫೈಲ್ ಹಿಡಿದುಕೊಂಡು ಮನೆಗೇ ಹೋದೆ. ಪೇಪರ್ ಓದುತ್ತಿದ್ದರು. "ಬನ್ನಿ" ಅಂದರು, ಬಹುವಚನದಲ್ಲಿ. ಯಾವಾಗಲೂ "ಬಾಮ್ಮ" ಅನ್ನೋರು. ಎಷ್ಟು ನೋವಾಗಿದೆ ಅಂತ ಅದರಲ್ಲೇ ಗೊತ್ತಾಯ್ತು.

ಮೆಸೇಜಿನ ಮಾತೇ ಎತ್ತಲಿಲ್ಲ ನಾನು. ಫೈಲ್ ತೆಗೆದು ಟೀಪಾಯಿ ಮೇಲಿಟ್ಟು "ಅಂಕಲ್, ನೀವು ಶಾಮಿಯಾನದ್ದು ಕೇಳಿದ್ರಲ್ಲ" ಅಂತ ಶುರು ಮಾಡಿದೆ. ಮಳೆ ಅಂತ ಬಟ್ಟೆ ಶಾಮಿಯಾನ ಬಿಟ್ಟು ತಗಡಿನ ಶೀಟ್ ಹಾಕಿಸಿದ್ದು, ಮೂರು ದಿನಕ್ಕೆ 9,500. ಕುರ್ಚಿ ಇನ್ನೂರು, 2,000. ಸೀರಿಯಲ್ ಸೆಟ್ 2,500, ಹೋದ ವರ್ಷ ಅದನ್ನು ಒಂದು ಮನೆಯವರು ಕೊಡಿಸಿದ್ದರಿಂದ ಲೆಕ್ಕಕ್ಕೇ ಬಂದಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಮೂರೂ ಬಿಲ್ ನೋಡಿದರು, ಪೆನ್ನಿಂದ ಕೂಡಿದರು. "ಸರಿ ಇದೆ" ಅಂದರು. "ಇದನ್ನ ಅಲ್ಲೇ ಹೇಳಿದ್ರೆ ಆಗ್ತಿತ್ತಲ್ಲ?"

ಆಮೇಲೆ ಫೋನ್ ತೋರಿಸಿದೆ. ಮೇಷ್ಟ್ರ ಮೆಸೇಜ್, ಅದರ ಕೆಳಗೆ ಅವರದು, ಅದರ ಕೆಳಗೆ ನನ್ನದು. ಮೇಷ್ಟ್ರದಕ್ಕೂ ನನ್ನದಕ್ಕೂ ಮಧ್ಯೆ ಇರೋದು ಒಂದೇ ನಿಮಿಷ ಅಂತ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿದರು. ಒಳಗಿಂದ ಆಂಟಿ ಕಾಫಿ ತಂದು, "ಸುಮ್ನಿರಿ ಅಂತ ನಾನು ದಿನಕ್ಕೆ ಹತ್ತು ಸಲ ಅಂತೀನಿ, ನಂಗ್ಯಾಕೆ ಕೋಪ ಮಾಡ್ಕೊಳಲ್ಲ ಇವ್ರು?" ಅಂದರು.

"ನೀನು ಅಡುಗೆ ಮನೇಲಿ ಅಂತೀಯ. ಇದು ಎಂಬತ್ತು ಜನ ಓದಿದ್ದು" ಅಂದರು ಅಂಕಲ್.

ಆ ಮಾತು ನನಗೆ ಸರಿಯಾಗಿ ನಾಟಿತು. ಮನೆಗೆ ಬಂದು ಕ್ಷಮೆ ಕೇಳಿದರೆ ಅಂಕಲ್‌ಗೆ ಸಮಾಧಾನ ಆಗಬಹುದು, ಆದರೆ ಗ್ರೂಪಿನಲ್ಲಿ ಓದಿದವರ ಲೆಕ್ಕದಲ್ಲಿ ಅವರು ಇನ್ನೂ ಬೈಸಿಕೊಂಡವರೇ. ಆದ್ದರಿಂದ ಗ್ರೂಪಿಗೂ ಹಾಕಲೇಬೇಕಿತ್ತು. ಅಲ್ಲೇ ಕೂತು ಬರೆದು ಅವರಿಗೇ ಓದಿ ಹೇಳಿದೆ. "ಕ್ಷಮೆ ಗಿಮೆ ಯಾಕಮ್ಮ, ಲೆಕ್ಕ ಹಾಕು ಸಾಕು" ಅಂದರು. ಮತ್ತೆ "ಅಮ್ಮ" ಬಂತಲ್ಲ ಅಂತ ಖುಷಿ ಆಯ್ತು. ಆದರೂ ಒಂದು ಸಾಲು ಉಳಿಸಿಕೊಂಡೆ. ಅವರ ಹಿಂದಿನ ರಾತ್ರಿಯ ಪ್ರಶ್ನೆಯನ್ನೇ ಬಲಕ್ಕೆ ಎಳೆದು, ಅದಕ್ಕೆ ರಿಪ್ಲೈ ಆಗಿ ಹಾಕಿದ್ದು ಇದು:

"ಸರ್, ನಿಮ್ಮ ಪ್ರಶ್ನೆಗೆ ಉತ್ತರ ಕೊಡೋದು ತಡ ಆಯ್ತು. ತಗಡಿನ ಶೀಟ್ 9,500, ಕುರ್ಚಿ 2,000, ಸೀರಿಯಲ್ ಸೆಟ್ 2,500. ಒಟ್ಟು 14,000. ಮೂರೂ ಬಿಲ್ ಫೋಟೋ ಕೆಳಗಿದೆ. ನಿನ್ನೆ ನಾನು ಮೇಷ್ಟ್ರ ಮಾತಿಗೆ ಬರೆದದ್ದು ನಿಮ್ಮ ಪ್ರಶ್ನೆ ಕೆಳಗೆ ಬಂತು. ನೋಡದೆ ಕಳಿಸಿದ್ದು ನನ್ನ ತಪ್ಪು."

ಅಷ್ಟೇ. ನಾನು ಎಂಥವಳು, ಎಷ್ಟು ವರ್ಷದಿಂದ ಮಾಡ್ತೀನಿ, ಏನೂ ಇಲ್ಲ. ನಗುವ ಮುಖವೂ ಇಲ್ಲ. ಕೋಪದಲ್ಲಿರೋರಿಗೆ ಅದು ಹಲ್ಲು ಕಿರಿದ ಹಾಗೇ ಕಾಣೋದು. ಅಂಕಲ್ ನನ್ನ ಎದುರಿಗೇ "ಲೆಕ್ಕ ನೋಡಿದೆ, ಸರಿ ಇದೆ" ಅಂತ ಹಾಕಿದರು. ಅದಾದ ಮೇಲೆ ಮೇಷ್ಟ್ರಿಗೆ ಈಗ ಹೇಳಬಹುದು ಅಂದೆ. ಅವರು "ಸುಮ್ನಿರು ಅನ್ನಿಸಿಕೊಂಡವನು ನಾನು. ಕೋಪ ಬಂದಿದ್ದು ಬೇರೆಯವರಿಗೆ" ಅಂತ ಬರೆದರು. ನಾನು ನೂರು ಸಲ ಹೇಳಿದ್ದರೂ ಅಷ್ಟು ನಂಬಿಕೆ ಬರುತ್ತಿರಲಿಲ್ಲ. ಸಂಜೆ ಹೊತ್ತಿಗೆ ವಿಸರ್ಜನೆ ಫೋಟೋಗಳು ಮತ್ತೆ ಶುರುವಾದವು.

ಎಲ್ಲಾ ಸರಿಹೋಯ್ತು ಅಂತೇನೂ ಇಲ್ಲ. ಹೊರಗೆ ಹೋದ ಮನೆಯವರು ಗ್ರೂಪಿಗೆ ವಾಪಸ್ ಬಂದಿಲ್ಲ. ಅವರಿಗೆ ಹಳೆಯ ಬೇಜಾರು ಏನೋ ಇತ್ತು, ಇದು ನೆಪ ಆಯ್ತು ಅಂತ ಆಮೇಲೆ ಗೊತ್ತಾಯ್ತು. ಅದನ್ನು ಒಂದು ಮೆಸೇಜಿಂದ ಸರಿ ಮಾಡೋಕೆ ಹೋಗಲಿಲ್ಲ ನಾನು.

ಈಗ ಗ್ರೂಪಿನಲ್ಲಿ ಯಾರಿಗೆ ಉತ್ತರ ಕೊಟ್ಟರೂ ಅವರ ಮೆಸೇಜ್ ಎಳೆದೇ ಬರೆಯುತ್ತೇನೆ, ಕೆಳಗೆ ಬೇರೆ ಏನೂ ಇಲ್ಲದಿದ್ದರೂ. ಇನ್ನೊಂದು, ರಾಗದಲ್ಲಿ ಬದುಕಿರೋ ಮಾತುಗಳನ್ನು ಅಲ್ಲಿ ಹಾಕೋದು ಬಿಟ್ಟಿದ್ದೇನೆ. "ಸುಮ್ನಿರಿ", "ಹೋಗ್ರೀ", "ನಿಮಗ್ಯಾಕೆ", "ಸಾಕು ಬಿಡಿ". ಬಾಯಲ್ಲಿ ಎಳೆದು ಅಂದರೆ ಪ್ರೀತಿ. ಅದೇ ಬರೆದರೆ ರಾಗ ಹೋಗಿ ಬರೀ ಆರ್ಡರ್ ಉಳಿಯುತ್ತದೆ. ಪರೀಕ್ಷೆ ಮಾಡೋಕೆ ಒಂದು ಉಪಾಯ ಇದೆ: ಕಳಿಸೋ ಮೊದಲು ಆ ಸಾಲನ್ನು ನಿಮಗೆ ಆಗದವರು ನಿಮಗೆ ಕಳಿಸಿದ್ದಾರೆ ಅಂತ ಅಂದುಕೊಂಡು ಓದಿ. ನನಗೆ ಆಗದವರೊಬ್ಬರು ನಮ್ಮ ಗ್ರೂಪಿನಲ್ಲೇ ಇದ್ದಾರೆ, ಅನುಕೂಲ ಆಗಿದೆ.

ಬಿಲ್‌ಗಳನ್ನು ಈಗ ಗ್ರೂಪಿಗೆ ಹಾಕೋ ಮೊದಲು ಅಂಕಲ್ ಒಂದು ಸಲ ಕೂಡಿ ನೋಡುತ್ತಾರೆ. ಮೇಷ್ಟ್ರು ಮಾತ್ರ ಆ 800 ಇನ್ನೂ ತಗೊಂಡಿಲ್ಲ. ಕವರ್ ಹಿಡಿದುಕೊಂಡು ಹೋದಾಗೆಲ್ಲ "ಸುಮ್ನಿರಮ್ಮ" ಅಂತಾರೆ.