ಮಾಲು ಬರೋ ದಿನ ಗೊತ್ತಿಲ್ಲದಾಗ ಎಷ್ಟು ಸ್ಟಾಕ್ ಇಡಬೇಕು?

ಹುಬ್ಬಳ್ಳಿಯ ಪಂಪ್‌ಸೆಟ್ ವಿತರಕರೊಬ್ಬರು ಅಂದುಕೊಳ್ಳಿ. ಮಾಲು ಕೊಯಮತ್ತೂರಿನಿಂದ ಲಾರಿಯಲ್ಲಿ ಬರಬೇಕು. ಗದಗ, ಹಾವೇರಿಯ ಅಂಗಡಿಗಳಿಗೆ ಇವರೇ ಕೊಡುವುದು. ಒಂದು ಎಚ್‌ಪಿ ಪಂಪು ದಿನಕ್ಕೆ ಸರಾಸರಿ 6 ಹೋಗುತ್ತದೆ. ಕಂಪನಿಯವರು ‘ಹತ್ತು ದಿನದಾಗ ಕಳಸ್ತೀವ್ರಿ’ ಅಂದಿದ್ದಾರೆ. ಹಾಗಾಗಿ 60 ಪಂಪು ಉಳಿದಾಗ ಆರ್ಡರ್ ಹಾಕುತ್ತಾರೆ. ಆದರೂ ಎರಡು ಸಲಕ್ಕೊಮ್ಮೆ ಗೋಡೌನ್ ಖಾಲಿ. ಹತ್ತು ದಿನ ಅನ್ನುವುದು ಸರಾಸರಿ ತಾನೆ, ಅರ್ಧ ಸಲ ಅದು ಮೀರುತ್ತದೆ.

ಮೊದಲು ಹಳೇ ಆರ್ಡರ್‌ಗಳನ್ನು ತೆಗೆದು ಪ್ರತಿಯೊಂದಕ್ಕೂ ಎಷ್ಟು ದಿನ ಹಿಡಿಯಿತು ಎಂದು ಬರೆಯಿರಿ. ಆರ್ಡರ್ ಹಾಕಿದ ದಿನದಿಂದ ಮಾಲು ಗೋಡೌನಿನಲ್ಲಿ ಇಳಿದ ದಿನದವರೆಗೆ ಎಣಿಸಬೇಕು. ನಾನು ಒಮ್ಮೆ ಬಿಲ್ಲಿನ ತಾರೀಖಿನಿಂದ ಎಣಿಸಿ ಮೋಸಹೋಗಿದ್ದೆ. ಬಿಲ್ ಆಗುವ ಮುಂಚೆ ಆರ್ಡರ್ ಐದು ದಿನ ಸುಮ್ನೆ ಕೂತಿದ್ದು ಅದರಲ್ಲಿ ಕಾಣುವುದೇ ಇಲ್ಲ. ಭಾನುವಾರ ಬಿಡುವುದಾದರೆ ಮಾರಾಟದ ಲೆಕ್ಕದಲ್ಲೂ ಬಿಡಿ.

ನಮ್ಮ ವಿತರಕರ ಎಂಟು ಆರ್ಡರ್ ಹೀಗಿವೆ: 6, 8, 13, 9, 14, 11, 7, 12 ದಿನ. ಸರಾಸರಿ 10. ಎಕ್ಸೆಲ್‌ನಲ್ಲಿ `STDEV` ಹಾಕಿದರೆ ಏರುಪೇರು ಸುಮಾರು 3 ದಿನ ಬರುತ್ತದೆ. ದಿನದ ಮಾರಾಟಕ್ಕೂ ಹಾಗೇ ಮಾಡಿ. ಅದು 2 ಪಂಪು ಎಂದಿಟ್ಟುಕೊಳ್ಳಿ. ಈಗ ಸೇಫ್ಟಿ ಸ್ಟಾಕ್, ಅಂದರೆ ಮಾಲು ತಡವಾದರೂ ಮಾರಾಟ ಏರಿದರೂ ಸಾಲಲಿ ಎಂದು ಹೆಚ್ಚಿಗೆ ಇಡುವ ಮಾಲು:

```
=1.65*SQRT(10*2^2 + 6^2*3^2)
```

ಬರುವುದು 31.5, ಅಂದರೆ 32 ಪಂಪು. 60ಕ್ಕೆ ಇದನ್ನು ಕೂಡಿಸಿದರೆ 92. ಆರ್ಡರ್ ಹಾಕಬೇಕಾದ ಮಟ್ಟ ಇದು. 1.65 ಎಂದರೆ ನೂರು ಆರ್ಡರ್‌ನಲ್ಲಿ ಸುಮಾರು 95 ಸಲ, ಹೊಸ ಮಾಲು ಬರುವವರೆಗೆ ಸ್ಟಾಕ್ ಸಾಲುತ್ತದೆ ಎಂದರ್ಥ.

ಬ್ರಾಕೆಟ್ ಒಳಗೆ ಸ್ವಲ್ಪ ನೋಡಿ. ಮಾರಾಟದ ಏರುಪೇರಿನಿಂದ ಬಂದಿದ್ದು 40, ಲಾರಿ ತಡವಾಗುವುದರಿಂದ ಬಂದಿದ್ದು 324! ಗಿರಾಕಿಗಳ ಮೇಲೆ ಸುಮ್ನೆ ತಪ್ಪು ಹೊರಿಸುತ್ತೇವೆ, ಅಲ್ವಾ? ಹಾಗಾಗಿ ಕಂಪನಿಯವರ ಜೊತೆ ‘ಬೇಗ ಕಳಿಸಿ’ ಎಂದು ಜಗಳ ಆಡುವ ಬದಲು ‘ಹೇಳಿದ ದಿನಕ್ಕೆ ಕಳಿಸಿ’ ಎಂದು ಕೇಳಿ. 12 ದಿನ ಹಿಡಿದರೂ ಏರುಪೇರು ಒಂದೇ ದಿನಕ್ಕೆ ಇಳಿದರೆ ಸೇಫ್ಟಿ ಸ್ಟಾಕ್ 16 ಸಾಕು. ಆರ್ಡರ್ ಮಟ್ಟ 88ಕ್ಕೆ ಇಳಿಯುತ್ತದೆ.

92 ಎಂದರೆ ಗೋಡೌನಿನಲ್ಲಿ ಇರುವುದು ಮಾತ್ರ ಅಲ್ಲ. ದಾರಿಯಲ್ಲಿರುವ ಮಾಲನ್ನು ಕೂಡಿಸಿ, ಅಂಗಡಿಗಳಿಗೆ ಕೊಡಲು ಬಾಕಿ ಇರುವುದನ್ನು ಕಳೆಯಿರಿ. ಇದನ್ನು ಮರೆತರೆ ಒಂದೇ ಮಾಲಿಗೆ ಎರಡು ಸಲ ಆರ್ಡರ್ ಹೋಗುತ್ತದೆ.

ಈ ಸೂತ್ರ ಎಡವುವುದೂ ಉಂಟು. ಹೆಚ್ಚಿನ ಸಲ 7 ದಿನ, ಕಾರ್ಖಾನೆಯಲ್ಲಿ ಮೋಟಾರ್ ಇಲ್ಲದಾಗ 25 ದಿನ ಅಂತಿದ್ದರೆ ಸರಾಸರಿ ಎರಡಕ್ಕೂ ಸರಿಹೊಂದುವುದಿಲ್ಲ. ಆರ್ಡರ್ ಹಾಕುವಾಗಲೇ ಫೋನ್ ಮಾಡಿ ಕೇಳಿಬಿಡಿ. ಬೇಸಿಗೆಗೆ ದಿನದ ಮಾರಾಟವನ್ನು ಹೊಸದಾಗಿ ಹಾಕಿ.

ಪ್ರತಿ ಲಾರಿ ಬಂದಾಗ, ಇಳಿಸುವ ಮೊದಲು, ಉಳಿದ ಪಂಪು ಎಣಿಸಿ ಬರೆಯಿರಿ. ಹತ್ತು ಸಲದ ಸರಾಸರಿ 32ರ ಹತ್ತಿರ ಇರಬೇಕು. 50 ಇದ್ದರೆ ದುಡ್ಡು ಗೋಡೌನಿನಲ್ಲಿ ಮಲಗಿದೆ. 10 ಇದ್ದರೆ ನಿಮ್ಮ ದಿನಗಳ ಎಣಿಕೆಯನ್ನೇ ಮತ್ತೊಮ್ಮೆ ನೋಡಿ.