ಕಡಪ ಕಲ್ಲು ಕಂದಾಗದ ಹಾಗೆ ದೀಪ ಹಚ್ಚಿದ ಕತೆ

ಗೋವಾದ ಕಾಣಕೋಣದ ಹತ್ತಿರ ಒಂದು ಹಳೇ ಮನೆ. ಅದನ್ನು ನಾಲ್ಕು ಕೋಣೆಯ ಹೋಮ್‌ಸ್ಟೇ ಮಾಡಲು ಹೊರಟಿದ್ದವರು ಅಂಕೋಲಾ ಕಡೆಯ ಒಬ್ಬ ಅಕ್ಕ. ಮುಂದಿನ ಜಗಲಿ ದಾಟಿದರೆ ಹತ್ತು ಅಡಿಗೆ ಒಂಬತ್ತು ಅಡಿಯ ಕೋಣೆ, ಅದೇ ರಿಸೆಪ್ಶನ್. ಕೌಂಟರ್‌ನ ಮೇಲ್ಭಾಗ ಕಪ್ಪು ಕಡಪ, ಮುಖ ಕೆಂಪು ಚೀರೆಕಲ್ಲು. ಹಿಂದಿನ ಗೋಡೆಗೆ ಅವರ ತಾಯಿಯ ಇಳಕಲ್ ಸೀರೆ, ಬೆಂಚಿನ ದಿಂಬಿಗೆ ಗುಳೇದಗುಡ್ಡದ ಖಣ. ಆ ಕೋಣೆ ಮುಂದೆ ಹೇಗೆ ಕಾಣುತ್ತದೆ ಅಂತ ಕಂಪ್ಯೂಟರಿನಲ್ಲಿ 3ಡಿ ಚಿತ್ರ, ಅಂದರೆ ರೆಂಡರ್, ಮಾಡಿಕೊಡುವುದು ನನ್ನ ಕೆಲಸ. ಮೂರು ವ್ಯೂಗೆ ಹದಿನೆಂಟು ಸಾವಿರಕ್ಕೆ ಮಾತಾಯಿತು. ಮಡಗಾಂವಿನಲ್ಲಿ ಕೂತು ನಾಲ್ಕು ದಿನದಲ್ಲಿ ಮುಗಿಸುತ್ತೇನೆ ಅಂದುಕೊಂಡಿದ್ದೆ. ಹಿಡಿದದ್ದು ಐದು ವಾರ.

ಮೊದಲ ರೆಂಡರ್ ಕಳಿಸಿದಾಗ ಅಕ್ಕ ಫೋನ್ ಮಾಡಿ, "ತಮ್ಮಾ, ಇದು ನಮ್ಮನೆ ಅಲ್ಲ, ಬಾರ್ ಆಗಿದೆ" ಅಂದರು. ನಿಜವೇ. ಬೆಚ್ಚಗಿನ ಬೆಳಕು ಬೇಕು ಅಂದಿದ್ದಕ್ಕೆ ಎಲ್ಲ ದೀಪಗಳಿಗೂ, ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಕೊಡುವ ಬ್ಲ್ಯಾಕ್‌ಬಾಡಿ ನೋಡ್‌ನಲ್ಲಿ, 2700 ಕೊಟ್ಟಿದ್ದೆ. ನಾನು ಬಳಸುವ 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ಗೆ ಬಿಳಿ ಅಂದರೆ 6500. ಅದರ ಎದುರು 2700 ಹಸಿ ಕಿತ್ತಳೆ. ಕಡಪ ತೇಗದ ಹಲಗೆಯ ಹಾಗೆ ಕಂದಾಯಿತು, ಇಳಕಲ್‌ನ ನೀಲಿ ಒಡಲು ಸತ್ತು ಬೂದಿಯಾಯಿತು. ಕಿತ್ತಳೆ ಬೆಳಕಿನಲ್ಲಿ ನೀಲಿ ಇರುವುದೇ ಕಮ್ಮಿ, ಬಟ್ಟೆ ವಾಪಸ್ ಕೊಡುವುದು ಏನನ್ನು?

ಸರಿ, ಯಾವ ಬೆಳಕನ್ನು ಬಿಳಿ ಅಂತ ಎಣಿಸಬೇಕು ಅನ್ನುವ ವೈಟ್ ಬ್ಯಾಲೆನ್ಸನ್ನು 2700ಕ್ಕೆ ಇಳಿಸಿದೆ. ಬಣ್ಣಗಳು ಸರಿಹೋದವು. ಆದರೆ ಕೋಣೆ ಸರ್ಕಾರಿ ಆಸ್ಪತ್ರೆಯ ಓಪಿಡಿಯಂತೆ ತಣ್ಣಗಾಯಿತು. ಪರಿಚಯದ ಒಂದು ಸ್ಟುಡಿಯೋದವರಿಗೆ ತೋರಿಸಿದೆ. "ಡೌನ್‌ಲೋಡ್ ಟೆಕ್ಸ್ಚರ್ ಹಾಕಿ, ಫೋಟೋಶಾಪಲ್ಲಿ ಹಳದಿ ಎಳೆದು ಕೊಟ್ಟುಬಿಡು. ಹದಿನೆಂಟು ಸಾವಿರಕ್ಕೆ ಇಷ್ಟೆಲ್ಲ ಯಾಕೆ?" ಅಂದರು. ಲೆಕ್ಕ ಅವರದೇ ಸರಿ ಇತ್ತು. ನನಗೆ ಹಠ.

ಕೊನೆಗೆ ಕೆಲಸ ಮಾಡಿದ್ದು ಇದು. ಬೆಚ್ಚಗೆ ಅನ್ನಿಸಬೇಕಾದರೆ ಪಕ್ಕದಲ್ಲಿ ತಣ್ಣಗಿನದ್ದು ಕಾಣಬೇಕು. ಹೊತ್ತು ಮುಳುಗಿ ಕಾಲು ಗಂಟೆಯಾದ ಮೇಲಿನ ನೀಲಿ ಆಕಾಶವನ್ನು ಬಾಗಿಲಿನಿಂದ ಒಳಗೆ ಬಿಟ್ಟೆ. ದೀಪ 2700ರಲ್ಲೇ ಉಳಿಯಿತು, ವೈಟ್ ಬ್ಯಾಲೆನ್ಸ್ ಸುಮಾರು 4000, ಲೆಕ್ಕದ ಬೆಳಕನ್ನು ಪರದೆಯ ಬಣ್ಣಕ್ಕೆ ಹೊಂದಿಸುವ ವ್ಯೂ ಟ್ರಾನ್ಸ್‌ಫಾರ್ಮ್ ಎಜಿಎಕ್ಸ್. ಈಗ ಆಕಾಶ ನೀಲಿಗೆ ವಾಲಿತು, ದೀಪ ಕೆನೆಗೆ ವಾಲಿತು, ಕಡಪ ನಡುವೆ ಕಪ್ಪಾಗಿಯೇ ನಿಂತಿತು. ಇನ್ನೊಂದು ಮಾತು. ಸೀರೆಯ ಮೇಲೆ ಬಾಗಿಲಿನ ನೀಲಿ ಬೆಳಕು ಸ್ವಲ್ಪವಾದರೂ ಬೀಳಬೇಕು, ಅದಕ್ಕೇ ಅದನ್ನು ಒಂದೂವರೆ ಅಡಿ ಎಡಕ್ಕೆ ಸರಿಸಿದೆ. ಅಕ್ಕ ಆಮೇಲೆ ನಿಜವಾದ ಗೋಡೆಯಲ್ಲೂ ಮೊಳೆಯನ್ನು ಅಲ್ಲೇ ಹೊಡೆಸಿದರು!

ದೀಪಗಳನ್ನು ಮೇಲಿಂದ ಕೆಳಗಿಳಿಸಿದ್ದೂ ದೊಡ್ಡ ಬದಲಾವಣೆ. ಚಾವಣಿಯ ಡೌನ್‌ಲೈಟ್ ನಾಲ್ಕನ್ನೂ ಅಳಿಸಿದೆ. ಕೌಂಟರ್ ಮೇಲೆ ಒಂದು ಮೇಜಿನ ದೀಪ, ಬೆಂಚಿನ ಪಕ್ಕ ಒಂದು, ಕಡಪದ ತುಟಿಯ ಕೆಳಗೆ ಅಡಗಿಸಿದ ಒಂದು ಪಟ್ಟಿ ಬೆಳಕು. ಆ ಪಟ್ಟಿ ಚೀರೆಕಲ್ಲಿನ ಮುಖವನ್ನು ಸವರಿಕೊಂಡು ಕೆಳಗಿಳಿಯುತ್ತದೆ. ಎದುರಿನಿಂದ ಬೆಳಕು ಬಿದ್ದರೆ ಚೀರೆಕಲ್ಲು ಕೆಂಪು ಬಣ್ಣ ಬಳಿದ ಗೋಡೆ. ಸವರಿದರೆ ಒಂದೊಂದು ತೂತಿಗೂ ನೆರಳು ಬರುತ್ತದೆ. ಇಲ್ಲಿ ತಗ್ಗುದಿಣ್ಣೆಯ ಭ್ರಮೆ ಮಾತ್ರ ಕೊಡುವ ಬಂಪ್ ಸಾಲದು, ಮೇಲ್ಮೈಯನ್ನೇ ನಿಜವಾಗಿ ಏರಿಳಿಸುವ ಡಿಸ್‌ಪ್ಲೇಸ್‌ಮೆಂಟೇ ಬೇಕು. ಬಂಪ್ ಹಾಕಿದ್ದಾಗ ಕಲ್ಲಿನ ಅಂಚು ಅಡಿಪಟ್ಟಿ ಹಿಡಿದು ಎಳೆದಂತೆ ನೇರ ಇತ್ತು, ಅಲ್ಲೇ ಕಳ್ಳತನ ಸಿಕ್ಕಿಬೀಳುತ್ತದೆ.

ಮೇಜಿನ ದೀಪದ ಬಟ್ಟೆಯ ಶೇಡ್ ಒಳಗೆ ಬಲ್ಬ್ ಇಟ್ಟು ರೆಂಡರ್ ಮಾಡಿದರೆ ರಾತ್ರಿಯಿಡೀ ಚುಕ್ಕಿ ಚುಕ್ಕಿ. ಶೇಡ್ ಬರೀ ಹೊಳೆಯಲಿ, ಕೋಣೆಗೆ ಬೆಳಕು ಬೇರೆ ಲೈಟ್ ಕೊಡಲಿ ಅಂತ ಬೇರೆ ಮಾಡಿದೆ. ಎರಡರ ನಡುವಿನ ಪ್ರಮಾಣ ಮಾತ್ರ ಹೇಳುವುದಿಲ್ಲ, ಅದಕ್ಕೆ ಎಂಟು ರಾತ್ರಿ ನಿದ್ದೆ ಕೆಟ್ಟಿದ್ದೇನೆ.

ಕಡಪದ ವಿಷಯಕ್ಕೆ ಬರುತ್ತೇನೆ. ಕಲ್ಲಿನಂಗಡಿಯಲ್ಲಿ ಒಂದು ಒಡೆದ ತುಂಡಿಗೆ ಇನ್ನೂರು ರೂಪಾಯಿ ಕೊಟ್ಟೆ. ಫ್ಲ್ಯಾಶ್‌ಗೆ ಪೋಲರೈಸರ್ ಹಾಳೆ, ಲೆನ್ಸ್‌ಗೆ ಪೋಲರೈಸರ್ ಫಿಲ್ಟರ್. ಫಿಲ್ಟರನ್ನು ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಹೊಳಪು ಪೂರ್ತಿ ಮಾಯ. ಅಲ್ಲಿ ಕ್ಲಿಕ್ ಮಾಡಿದರೆ ಸಿಗುವುದೇ ಕಲ್ಲಿನ ಸ್ವಂತ ಬಣ್ಣ. ಮೇಲ್ಮೈ ಎಷ್ಟು ಒರಟು ಅನ್ನುವ ರಫ್‌ನೆಸ್ 0.4ರ ಆಸುಪಾಸು, ಪಾಲಿಶ್ ಮಾಡದ ಕಡಪಕ್ಕೆ ಅಷ್ಟು ಸರಿ. ಕನ್ನಡಿಯಂತೆ ಹೊಳೆಸಿದರೆ ಮೇಲ್ಮೈ ತುಂಬ ಬಾಗಿಲಿನ ಆಕಾಶವೇ ಕೂತು ಕಲ್ಲು ಬಿಳುಪಾಗಿಬಿಡುತ್ತದೆ.

ಆದರೂ ಕಲ್ಲು ಕಲ್ಲಿನ ಹಾಗೆ ಇರಲಿಲ್ಲ. ಕಾರಣ ಹೇಳಿದ್ದು ಅಕ್ಕನ ಮನೆಯ ಕೆಲಸಕ್ಕೆ ಬಂದಿದ್ದ ಬಾಗಲಕೋಟೆ ಕಡೆಯ ಮೇಸ್ತ್ರಿ. ಲ್ಯಾಪ್‌ಟಾಪ್ ನೋಡಿ ನಕ್ಕ. "ಸರ, ಇಷ್ಟ ದಪ್ಪ ಕಡಪ ಎಲ್ಲಿ ಸಿಗತೈತ್ರಿ? ನಾವು ಪಟ್ಟಿ ಹಚ್ಚಿ ದಪ್ಪ ತೋರಸ್ತೀವಿ." ನಾನು ಮೂರು ಇಂಚಿನ ಗಟ್ಟಿ ದಿಮ್ಮಿ ಮಾಡಿಟ್ಟಿದ್ದೆ. ಅಂಗಡಿಯ ಹಲಗೆ ಮುಕ್ಕಾಲು ಇಂಚು ಅಷ್ಟೇ. ಮುಂಭಾಗಕ್ಕೆ ಒಂದು ಪಟ್ಟಿ ಅಂಟಿಸಿ ಒಂದೂವರೆ ಇಂಚು ಕಾಣಿಸುತ್ತಾರೆ, ನಡುವೆ ಕೂದಲೆಳೆಯ ಸಂದು ಉಳಿಯುತ್ತದೆ. ಆ ಸಂದು ಹಾಕಿದೆ, ಅಂಚನ್ನು ಮೂರು ಮಿಲಿಮೀಟರ್ ಕೆತ್ತಿದೆ. ಆ ಅಂಚಿನ ಮೇಲೆ ದೀಪದ ಒಂದು ತೆಳು ಗೆರೆ ಓಡಿತು ನೋಡಿ, ಕೈಯಿಟ್ಟರೆ ತಣ್ಣಗಿರುತ್ತದೆ ಅನ್ನಿಸಿತು.

ಖಣ ನನ್ನನ್ನು ಬಹಳ ಆಡಿಸಿತು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು. ತಲೆ ಅಲ್ಲಾಡಿಸಿದರೆ ಬಣ್ಣ ಬದಲಾಗುತ್ತದೆ. ಸುಮ್ನೆ ಫೋಟೋ ಹಚ್ಚಿದರೆ ಸತ್ತ ಬಟ್ಟೆ. ಒಂದು ದಿನ ಸ್ಕ್ಯಾನರ್ ಮೇಲೆ ತುಂಡನ್ನು ಅಡ್ಡ ತಿರುಗಿಸಿ ಇಟ್ಟಿದ್ದೆ, ಬೇಕಂತ ಅಲ್ಲ. ನೋಡಿದರೆ ಬಣ್ಣವೇ ಬೇರೆ ಬಂದಿತ್ತು! ಸ್ಕ್ಯಾನರ್‌ನ ಬೆಳಕು ಒಂದೇ ದಿಕ್ಕಿನಿಂದ ಓರೆಯಾಗಿ ಬೀಳುತ್ತದಲ್ವಾ, ನೇರ ಇಟ್ಟಾಗ ಒಂದು ನೂಲು ಹೊಳೆದರೆ ಅಡ್ಡ ಇಟ್ಟಾಗ ಇನ್ನೊಂದು. ಎರಡೂ ಸ್ಕ್ಯಾನ್‌ಗಳನ್ನು ಕೂರಿಸಿ, ನೋಡುವ ಕೋನದ ಮೇಲೆ ಒಂದರಿಂದ ಇನ್ನೊಂದಕ್ಕೆ ಹೋಗುವ ಹಾಗೆ ಮಾಡಿದೆ. ದಿಂಬಿನ ಉಬ್ಬಿನಲ್ಲಿ ಒಂದು ಬಣ್ಣ, ಇಳಿಜಾರಿನಲ್ಲಿ ಇನ್ನೊಂದು. ಅಕ್ಕ ಅದನ್ನು ನೋಡಿ ಏನೂ ಹೇಳಲಿಲ್ಲ, ಅವರ ತಾಯಿಗೆ ಫಾರ್ವರ್ಡ್ ಮಾಡಿದರು.

ಇಳಕಲ್‌ಗೆ ಅಷ್ಟು ಕಷ್ಟವಿರಲಿಲ್ಲ. ರೆಂಡರಿನ ಚುಕ್ಕಿಗಳನ್ನು ಒರೆಸುವ ಡಿನಾಯ್ಸರ್ ನೇಯ್ಗೆಯನ್ನೂ ನುಂಗಿಬಿಡುತ್ತಿತ್ತು. ಒಂದೂವರೆ ಪಟ್ಟು ದೊಡ್ಡದಾಗಿ ರೆಂಡರ್ ಮಾಡಿ ಆಮೇಲೆ ಇಳಿಸಿದೆ, ಉಳಿಯಿತು. ಫ್ರೇಮಿಗೆ ಇಪ್ಪತ್ತು ನಿಮಿಷ ಇದ್ದದ್ದು ಐವತ್ತಕ್ಕೆ ಹೋಯಿತು, ನನ್ನದು ಹಳೇ 3060 ಗ್ರಾಫಿಕ್ಸ್ ಕಾರ್ಡ್. ನಡುವೆ ಕರೆಂಟ್ ಹೋಗಿ ಎರಡು ಸಲ ಮೊದಲಿಂದ.

ಆ ಮನೆಯ ಕಿಟಕಿಗಳಲ್ಲಿ ಗಾಜಿನ ಬದಲು ಸಿಂಪಿ ಚಿಪ್ಪಿನ ಬಿಲ್ಲೆಗಳಿವೆ, ಹಳೇ ಗೋವಾ ಮನೆಗಳಲ್ಲಿ ಇರುವಂಥವು. ಅದರ ಮೆಟೀರಿಯಲ್‌ಗೆ ಒಂದು ವಾರ ಸುರಿದೆ. ಕೊನೆಗೆ ಯಾವ ವ್ಯೂನಲ್ಲೂ ಕಿಟಕಿ ಬರಲಿಲ್ಲ.

ಲೆಕ್ಕ ಹೇಳಿದರೆ ನಗುತ್ತೀರಿ. ಪೋಲರೈಸರ್, ಕಲ್ಲು, ಓಡಾಟ, ಕರೆಂಟ್ ಸೇರಿ ಮೂರೂವರೆ ಸಾವಿರ ಹೋಯಿತು. ಉಳಿದದ್ದನ್ನು ಐದು ವಾರಕ್ಕೆ ಹಂಚಿದರೆ ಮೇಸ್ತ್ರಿಯ ಕೂಲಿ ನನಗಿಂತ ಜಾಸ್ತಿ. ಆದರೆ ಅದೇ ಕಡಪ, ಅದೇ ಖಣ ಇಟ್ಟುಕೊಂಡು ಆಮೇಲೆ ಇನ್ನೆರಡು ಕೆಲಸ ಮಾಡಿದೆ, ಒಂದೊಂದಕ್ಕೂ ಐದೇ ದಿನ. ಹಳದಿ ಎಳೆ ಅಂದಿದ್ದ ಸ್ಟುಡಿಯೋದವರು ಹೋದ ತಿಂಗಳು ಖಣದ ಫೈಲ್ ಕೇಳಿದರು. ಬಾಡಿಗೆಗೆ ಕೊಡುತ್ತೇನೆ ಅಂದಿದ್ದೇನೆ.

ಅಕ್ಕ ಈಗ ಹತ್ತು ಸೆಕೆಂಡಿನ ವಿಡಿಯೋ ಕೇಳುತ್ತಿದ್ದಾರೆ, ಬಾಗಿಲಿಗೆ ಖಣದ ಪರದೆ, ಅದು ಗಾಳಿಗೆ ಆಡಬೇಕಂತೆ. ಪರದೆ ಅಲ್ಲಾಡಿದರೆ ನನ್ನ ಎರಡು ಬಣ್ಣದ ಆಟ ಮಿಣಮಿಣ ಅನ್ನುತ್ತದೆ, ಪರೀಕ್ಷೆ ಮಾಡಿ ನೋಡಿದೆ. ಹತ್ತು ಸೆಕೆಂಡು ಅಂದರೆ ಇನ್ನೂರೈವತ್ತು ಫ್ರೇಮ್. ಫ್ಯಾನ್ ಬಂದ್ ಮಾಡಿದ ಮನೆ ಅಂತ ತೋರಿಸೋಣ ಅಕ್ಕ ಅಂದೆ. ಇನ್ನೂ ಉತ್ತರ ಬಂದಿಲ್ಲ.